ನನ್ನ ಹೆಸರಿನ ಒಂದು ಸಾಲು

ಸೂರತ್ತಿನಲ್ಲಿ ಈಚೆಗೆ ಕೆಲಸಕ್ಕೆ ಸೇರಿರುವ ಅಕ್ಕನ ಮಗಳು ಒಂದು ಸಂಜೆ ಫೋನ್ ಮಾಡಿದಳು. "ಮಾಮ, ಡಿಮ್ಯಾಟ್ ಖಾತೆಗೆ ಅರ್ಜಿ ಹಾಕಿದ್ದೆ. ಎಲ್ಲ ಮುಗೀತು ಅಂದ್ಕೊಂಡಿದ್ದೆ. ಈಗ ನೋಡಿದ್ರೆ ಹೆಸರು ತಾಳೆ ಆಗ್ತಿಲ್ಲ ಅಂತ ನಿಂತುಬಿಟ್ಟಿದೆ" ಎಂದಳು. ಅವಳ ಆಧಾರ್ ಕಾರ್ಡಿನಲ್ಲಿ ಮೊದಲು ಅವಳ ಹೆಸರು, ಆಮೇಲೆ ಅಪ್ಪನ ಹೆಸರು. ಪ್ಯಾನ್ ಕಾರ್ಡ್ ಮಾಡಿಸಿಕೊಟ್ಟ ಏಜೆಂಟ್ ನಮ್ಮ ಕಡೆಯ ಇನಿಶಿಯಲ್‌ಗಳನ್ನು ಬಿಡಿಸಿ ಬರೆಯುವಾಗ ಊರಿನ ಹೆಸರನ್ನೇ ಮನೆತನದ ಹೆಸರಿನ ಜಾಗದಲ್ಲಿ ಕೂರಿಸಿದ್ದ. ಗುಜರಾತಿನಲ್ಲಿ ಎಲ್ಲರಿಗೂ ಒಂದು ಅಟಕ್ ಇರಬೇಕು. ಪಟೇಲ್, ಶಾ, ದೇಸಾಯಿ ಎಂದು ಕೊನೆಯಲ್ಲಿ ಏನಾದರೂ ಬರಲೇಬೇಕು. ಮಲೆನಾಡಿನಿಂದ ಬಂದ ನಮ್ಮಂಥವರ ಹೆಸರಿಗೆ ಅಲ್ಲಿನ ಅರ್ಜಿಗಳಲ್ಲಿ ನೆಟ್ಟಗೆ ಕೂರುವ ಜಾಗ ಯಾವತ್ತೂ ಇರಲಿಲ್ಲ.

ಅವಳಿಗೆ ಉತ್ತರ ಹೇಳುತ್ತ ಹೇಳುತ್ತ ನನಗೆ ಅಪ್ಪನ ಟ್ರಂಕು ಕಣ್ಣಿಗೆ ಬಂತು.

ಅಪ್ಪ ವಡೋದರದ ಹೊರವಲಯದ ದೊಡ್ಡ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ಕಾಲೊನಿಯಲ್ಲಿ ಕನ್ನಡದ ಮನೆಗಳು ಬೆರಳೆಣಿಕೆಯಷ್ಟು. ಎಂಬತ್ತರ ದಶಕದಲ್ಲಿ ಗುಜರಾತಿನ ಮಧ್ಯಮ ವರ್ಗದ ಮನೆಗಳಲ್ಲಿ ಷೇರಿನ ಮಾತು ಊಟದಷ್ಟೇ ಸಹಜವಾಗಿತ್ತು. ನಮ್ಮ ಊರಿನಲ್ಲಿ ಅಡಿಕೆ ಧಾರಣೆ ಕೇಳುವ ಹಾಗೆ ಅಲ್ಲಿ ಬೆಳಿಗ್ಗೆ ಹಾಲು ತರಲು ನಿಂತವರು ಹೊಸ ಪಬ್ಲಿಕ್ ಇಶ್ಯೂ ಯಾವುದು ಎಂದು ಕೇಳಿಕೊಳ್ಳುತ್ತಿದ್ದರು. ಪಕ್ಕದ ಮನೆಯ ಗುಜರಾತಿ ಹಿರಿಯರು ಅಪ್ಪನಿಗೂ ಅರ್ಜಿ ತಂದುಕೊಡುತ್ತಿದ್ದರು. ಅಪ್ಪ ತಿಂಗಳ ಸಂಬಳದಲ್ಲಿ ಉಳಿದದ್ದನ್ನು ಸೇರಿಸಿ ಒಂದಷ್ಟು ಷೇರು ಮಾಡಿಕೊಂಡರು. ದಪ್ಪ ಕಾಗದದ, ಹೂಬಳ್ಳಿಯ ಅಂಚಿನ ಆ ಪ್ರಮಾಣಪತ್ರಗಳನ್ನು ಅಮ್ಮನ ರೇಷ್ಮೆ ಸೀರೆಗಳ ಕೆಳಗೆ ಟ್ರಂಕಿನಲ್ಲಿ ಇಡುತ್ತಿದ್ದರು. "ಕಾಗದ ಕೈಲಿದ್ರೆ ಷೇರು ಕೈಲಿದ್ದ ಹಾಗೆ" ಎಂಬುದು ಅವರ ನಂಬಿಕೆ.

ಆ ಮಾತು ಪೂರ್ತಿ ನಿಜವಲ್ಲ ಎಂಬುದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ, ಅದೇ ಕ್ಷೇತ್ರದಲ್ಲಿ ಕೆಲಸಕ್ಕೆ ಸೇರಿದ ಮೇಲೆ. ಕಾಗದದ ಕಾಲದಲ್ಲೂ ಷೇರು ಯಾರದು ಎಂಬುದನ್ನು ತೀರ್ಮಾನಿಸುತ್ತಿದ್ದದ್ದು ಕಂಪನಿಯ ಸದಸ್ಯರ ನೋಂದಣಿ ಪುಸ್ತಕ. ಅದರಲ್ಲಿ ಅಪ್ಪನ ಫೋಲಿಯೊ ಸಂಖ್ಯೆ, ಎಷ್ಟನೆಯ ಷೇರಿನಿಂದ ಎಷ್ಟನೆಯದರ ವರೆಗೆ ಅವರದು ಎಂಬ ಕ್ರಮಸಂಖ್ಯೆ, ಅವರ ಸಹಿಯ ಮಾದರಿ ಇರುತ್ತಿತ್ತು. ಟ್ರಂಕಿನಲ್ಲಿದ್ದ ಕಾಗದ ಆ ಸಾಲಿಗೆ ಸಾಕ್ಷಿ, ಅಷ್ಟೆ. ಮಾರಬೇಕಾದರೆ ಪ್ರಮಾಣಪತ್ರದ ಜೊತೆ ವರ್ಗಾವಣೆ ಪತ್ರಕ್ಕೆ ಸಹಿ ಹಾಕಿ, ಸ್ಟಾಂಪು ಅಂಟಿಸಿ ದಲ್ಲಾಳಿಗೆ ಕೊಡಬೇಕು. ಕೊಂಡವನು ಅದನ್ನು ಕಂಪನಿಗೆ ಅಂಚೆಯಲ್ಲಿ ಕಳಿಸಬೇಕು. ಅಲ್ಲಿ ಹಳೆಯ ಹೆಸರು ಹೊಡೆದು ಹೊಸ ಹೆಸರು ಬರೆದು, ಪ್ರಮಾಣಪತ್ರದ ಬೆನ್ನಿಗೆ ಮೊಹರು ಒತ್ತಿ ವಾಪಸು ಕಳಿಸುವ ಹೊತ್ತಿಗೆ ತಿಂಗಳುಗಳು ಉರುಳುತ್ತಿದ್ದವು.

ಒಮ್ಮೆ ಅಕ್ಕನ ಮದುವೆಗೆಂದು ಅಪ್ಪ ಒಂದು ಕಂಪನಿಯ ಷೇರು ಮಾರಿದರು. ಹಣ ಬಂತು, ಖರ್ಚೂ ಆಯಿತು. ಎಷ್ಟೋ ದಿನಗಳ ಮೇಲೆ ದಲ್ಲಾಳಿಯ ಕಡೆಯಿಂದ ಕಾಗದಗಳು ವಾಪಸು ಬಂದವು. ಸಹಿ ಹೊಂದುತ್ತಿಲ್ಲ ಎಂದು ಕಂಪನಿಯ ಟಿಪ್ಪಣಿ. ಪೇಟೆಯವರು ಇದನ್ನು ಬ್ಯಾಡ್ ಡೆಲಿವರಿ ಎನ್ನುತ್ತಿದ್ದರು. ಕಾರಣ ಸರಳವಾಗಿತ್ತು. ಮೊದಲ ಅರ್ಜಿಗಳಿಗೆ ಅಪ್ಪ ಕನ್ನಡದಲ್ಲಿ ಸಹಿ ಮಾಡಿದ್ದರು. ಆಮೇಲೆ ಬ್ಯಾಂಕಿನವರು ಹೇಳಿದರೆಂದು ಇಂಗ್ಲಿಷ್ ಸಹಿಗೆ ಹೊರಳಿದ್ದರು. ನೋಂದಣಿ ಪುಸ್ತಕದಲ್ಲಿ ಕನ್ನಡದ ಸಹಿ, ವರ್ಗಾವಣೆ ಪತ್ರದಲ್ಲಿ ಇಂಗ್ಲಿಷಿನದು. ಕಂಪನಿಯ ಕಣ್ಣಿಗೆ ಇವರಿಬ್ಬರೂ ಬೇರೆ ಬೇರೆ ಮನುಷ್ಯರು. ಬ್ಯಾಂಕ್ ಮ್ಯಾನೇಜರರ ಮುಂದೆ ಮತ್ತೆ ಸಹಿ ಹಾಕಿ, ಇದು ಇವರದೇ ಎಂದು ಅವರಿಂದ ಬರೆಸಿಕೊಂಡು ಕಳಿಸುವ ತನಕ ಅಪ್ಪನಿಗೆ ನಿದ್ದೆ ಇರಲಿಲ್ಲ. ಬೇರೆಯವರ ಹಣ ಇಟ್ಟುಕೊಂಡಂತಾಯಿತಲ್ಲ ಎಂಬ ಸಂಕಟ ಅವರದು.

ಆಗಿನ ವ್ಯವಹಾರವೆಲ್ಲ ಪರಿಚಯದ ಮೇಲೆ ನಡೆಯುತ್ತಿತ್ತು. ಅಹಮದಾಬಾದಿನ ಷೇರು ವಿನಿಮಯ ಕೇಂದ್ರ ಶುರುವಾದದ್ದು 1894ರಲ್ಲಿ. ದೇಶದಲ್ಲಿ ಮುಂಬೈಯದು ಬಿಟ್ಟರೆ ಅದೇ ಹಳೆಯದು. ಮಾಣೆಕ್ ಚೌಕದ ಆ ಪೇಟೆಯಲ್ಲಿ ಬಾಯಿಮಾತಿನಲ್ಲೇ ಸೌದಾ ಆಗುತ್ತಿತ್ತು, ಮಾತು ತಪ್ಪಿದವನಿಗೆ ಮಾರನೆಯ ದಿನ ಪೇಟೆಯಲ್ಲಿ ನಿಲ್ಲುವ ಜಾಗ ಇರುತ್ತಿರಲಿಲ್ಲ ಎಂದು ಹಿರಿಯರು ಹೆಮ್ಮೆಯಿಂದ ಹೇಳುತ್ತಿದ್ದರು. ನಮ್ಮ ವಡೋದರಕ್ಕೂ 1990ರಲ್ಲಿ ಒಂದು ವಿನಿಮಯ ಕೇಂದ್ರ ಬಂತು, ಸಯಾಜಿಗಂಜಿನಲ್ಲಿ. ಆ ಲೋಕದ ಮೇಲೆ ನನಗೆ ಇವತ್ತಿಗೂ ಪ್ರೀತಿ ಇದೆ. ಆದರೆ ಅದು ಪರಿಚಯ ಇದ್ದವರ ಲೋಕ ಎಂಬುದನ್ನೂ ಹೇಳಲೇಬೇಕು. ಖಾತೆ ತೆರೆಯುವ ಅರ್ಜಿಯಲ್ಲಿ ಪರಿಚಯಿಸುವವರು ಎಂಬ ಅಂಕಣ ಇರುತ್ತಿತ್ತು. ಪಕ್ಕದ ಮನೆಯ ಹಿರಿಯರು ಅಲ್ಲಿ ಸಹಿ ಹಾಕಿದ್ದರಿಂದ ಅಪ್ಪನಿಗೆ ಬಾಗಿಲು ತೆರೆಯಿತು. ಹಾಗೆ ಯಾರೂ ಇಲ್ಲದವರು, ಅದೇ ಕಾಲೊನಿಯಲ್ಲಿ ಒಬ್ಬರೇ ಇದ್ದ ತಮಿಳು ನರ್ಸ್ ಒಬ್ಬರು, ಆಸೆಯಿದ್ದರೂ ಹೊರಗೇ ಉಳಿದರು. ಆಗ ಅದು ನಮಗ್ಯಾರಿಗೂ ಅನ್ಯಾಯವೆಂದು ತೋರಲೇ ಇಲ್ಲ.

1996ರ ನವೆಂಬರಿನಲ್ಲಿ ಎನ್‌ಎಸ್‌ಡಿಎಲ್ ಎಂಬ ಡಿಪಾಸಿಟರಿ ಕೆಲಸ ಆರಂಭಿಸಿತು. 1999ರಲ್ಲಿ ಸಿಡಿಎಸ್‌ಎಲ್ ಬಂತು. ಷೇರುಗಳನ್ನು ಕಾಗದದಿಂದ ಬಿಡಿಸಿ ಕಂಪ್ಯೂಟರಿನ ದಾಖಲೆಯಾಗಿ ಇಡುವುದು ಇವೆರಡರ ಕೆಲಸ. ಜನ ಇವುಗಳ ಬಾಗಿಲಿಗೆ ನೇರವಾಗಿ ಹೋಗುವಂತಿಲ್ಲ. ಡಿಪಿ ಎಂದು ಕರೆಯುವ ಬ್ಯಾಂಕು ಅಥವಾ ಬ್ರೋಕರ್ ಮೂಲಕ ಹೋಗಬೇಕು. ಅಪ್ಪ ಕೊನೆಗೂ ಮನಸ್ಸು ಮಾಡಿ ಖಾತೆ ತೆರೆದು, ಟ್ರಂಕಿನ ಕಾಗದಗಳನ್ನು ಹೊರಗೆ ತೆಗೆದರು. ಪ್ರತಿ ಪ್ರಮಾಣಪತ್ರದ ಮೇಲೂ ಡಿಮ್ಯಾಟಿಗಾಗಿ ಒಪ್ಪಿಸಲಾಗಿದೆ ಎಂದು ಅಡ್ಡಲಾಗಿ ಬರೆಯಬೇಕು. ಡಿಪಿಯವರು ಕಂಪನಿಯ ಹೆಸರಿನ ಮೇಲೆ ಎರಡು ತೂತು ಹೊಡೆಯುತ್ತಾರೆ, ಅಲ್ಲಿಗೆ ಆ ಕಾಗದ ಮತ್ತೆ ಪೇಟೆಗೆ ಬರುವಂತಿಲ್ಲ. ಅಪ್ಪ ಆ ತೂತು ಹೊಡೆಯುವುದನ್ನು ನಿಂತು ನೋಡಿದರು. ಮನೆಗೆ ಬಂದ ಮೇಲೂ ಮಾತಾಡಲಿಲ್ಲ.

ಅಲ್ಲೂ ಹೆಸರಿನ ತೊಡಕು ಎದುರಾಯಿತು. ಒಂದು ಕಂಪನಿಯಲ್ಲಿ ಅಪ್ಪ ಎರಡು ಇನಿಶಿಯಲ್‌ಗಳ ಜೊತೆಗಿದ್ದರು. ಇನ್ನೊಂದರಲ್ಲಿ ಅರ್ಜಿ ತುಂಬಿದ ಏಜೆಂಟ್ ಅಟಕ್ ಬೇಕೆಂದು ತಾನೇ "ರಾವ್" ಸೇರಿಸಿದ್ದ. ಮತ್ತೊಂದರಲ್ಲಿ ಅಪ್ಪ ಮೊದಲು, ಅಮ್ಮ ಎರಡನೆಯವರಾಗಿ ಜಂಟಿ ಹೆಸರು. ಜಂಟಿಯಾಗಿ ಇದ್ದ ಷೇರುಗಳು ಅಪ್ಪನೊಬ್ಬರ ಖಾತೆಗೆ ಹೋಗುವಂತಿಲ್ಲ, ಅದಕ್ಕೆ ಅದೇ ಇಬ್ಬರ ಹೆಸರಿನಲ್ಲಿ ಬೇರೆ ಖಾತೆಯೇ ಬೇಕು. ಇನಿಶಿಯಲ್ ಬಿಡಿಸಿ ಬರೆದ ವ್ಯತ್ಯಾಸವನ್ನು ಸಹಿ ಸರಿಯಿದ್ದರೆ ಒಪ್ಪುತ್ತಿದ್ದರು. ಸುಳ್ಳು "ರಾವ್" ಮಾತ್ರ ಅಫಿಡವಿಟ್ ಮಾಡಿಸದೆ ಬಿಡಲಿಲ್ಲ. ಈಗಲೂ ಹಳೆಯ ಕಾಗದ ಇಟ್ಟುಕೊಂಡಿರುವ ಮನೆಗಳಿಗೆ ನಾನು ಹೇಳುವುದು ಇದನ್ನೇ. 2019ರ ಏಪ್ರಿಲ್‌ನಿಂದ ಕಾಗದದ ಷೇರನ್ನು ಮಾರಿ ಇನ್ನೊಬ್ಬರ ಹೆಸರಿಗೆ ವರ್ಗಾಯಿಸುವಂತಿಲ್ಲ. ಅದು ನಿಮ್ಮದೇ, ಆದರೆ ಡಿಮ್ಯಾಟ್ ಆಗುವ ತನಕ ಮಾರಲಾಗದು. ಹೆಸರು, ಸಹಿ, ಜಂಟಿ ಕ್ರಮ ಈ ಮೂರನ್ನೂ ಷೇರುದಾರರು ಬದುಕಿರುವಾಗಲೇ ಸರಿಮಾಡಿಕೊಳ್ಳುವುದು ಸುಲಭ. ಅವರು ಹೋದ ಮೇಲೆ ಅದೇ ಕೆಲಸಕ್ಕೆ ವಾರಸುದಾರಿಕೆಯ ಕಾಗದಗಳ ರಾಶಿ ಸೇರಿಕೊಳ್ಳುತ್ತದೆ.

ಓದು ಮುಗಿದ ಮೇಲೆ ನನಗೆ ಅಹಮದಾಬಾದಿನಲ್ಲಿ ಒಬ್ಬ ಸಬ್-ಬ್ರೋಕರ್ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಆಶ್ರಮ ರಸ್ತೆಯ ಹಳೆಯ ಕಟ್ಟಡದಲ್ಲಿ ಎರಡು ಕೋಣೆ. ಖಾತೆ ತೆರೆಯುವ ಅರ್ಜಿಗಳನ್ನು ತುಂಬಿ, ಫೋಟೊ ಅಂಟಿಸಿ, ಸಹಿ ಹಾಕಬೇಕಾದಲ್ಲಿ ಪೆನ್ಸಿಲಿನ ಗುರುತು ಹಾಕುವುದು ನನ್ನ ಪಾಲಿನ ಕೆಲಸ. ನನ್ನ ಎದುರು ಕೂರುತ್ತಿದ್ದ ಹಿರಿಯ ಗುಮಾಸ್ತರನ್ನು ಎಲ್ಲರೂ ಕಾಕಾ ಎನ್ನುತ್ತಿದ್ದರು. ಹಳೆಯ ನಗರದ ಪೋಳಗಳಲ್ಲಿ, ಅಂದರೆ ಒಂದೇ ಬಾಗಿಲಿನೊಳಗೆ ಇಡೀ ಕೇರಿ ಇರುವ ಆ ಓಣಿಗಳಲ್ಲಿ, ಹುಟ್ಟಿ ಬೆಳೆದವರು ಅವರು.

ಅದು 2005. ಹೊಸ ಷೇರು ಬಿಡುಗಡೆಗಳ ಸುಗ್ಗಿ. ಒಂದು ದಿನ ಯಾರೋ ಒಂದು ಕಟ್ಟು ಅರ್ಜಿ ತಂದಿಟ್ಟು ಹೋದರು. ತುಂಬುತ್ತ ಹೋದಂತೆ ವಿಳಾಸ ಬದಲಾಗುತ್ತಲೇ ಇಲ್ಲ ಎಂಬುದು ಗಮನಕ್ಕೆ ಬಂತು. ಬೇರೆ ಬೇರೆ ಹೆಸರು, ಒಂದೇ ಪೋಳ, ಒಂದೇ ಮನೆ ಸಂಖ್ಯೆ. ಕಾಕಾ ಕನ್ನಡಕ ತೆಗೆದು ಒಂದೊಂದನ್ನೂ ನೋಡಿದರು. "ಬೇಟಾ, ಆ ಮನೆ ನನಗೆ ಗೊತ್ತು. ಅಲ್ಲಿ ಇಷ್ಟು ಜನ ನಿಂತುಕೊಳ್ಳೋಕೂ ಜಾಗ ಇಲ್ಲ" ಎಂದು ಕಟ್ಟನ್ನು ಬದಿಗಿಟ್ಟರು. ಮಾಲೀಕರೊಡನೆ ಒಳಗೆ ಜೋರು ಮಾತಾಯಿತು. ಮಾರನೆಯ ದಿನ ಆ ಕಟ್ಟು ಮೇಜಿನ ಮೇಲಿರಲಿಲ್ಲ. ಎಲ್ಲಿಗೆ ಹೋಯಿತೆಂದು ಯಾರೂ ಹೇಳಲಿಲ್ಲ.

2005ರ ಡಿಸೆಂಬರಿನಲ್ಲಿ ಸೆಬಿಯ ಆದೇಶ ಹೊರಬಿತ್ತು. ಅಹಮದಾಬಾದಿನ ಹೆಸರು ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಯೆಸ್ ಬ್ಯಾಂಕಿನ 2005ರ ಷೇರು ಬಿಡುಗಡೆಯಲ್ಲಿ ರೂಪಲ್‌ಬೆನ್ ಪಾಂಚಾಲ್ ಎಂಬುವರು ಸಾವಿರಾರು ಬೇನಾಮಿ ಡಿಮ್ಯಾಟ್ ಖಾತೆಗಳ ಮೂಲಕ ಅರ್ಜಿ ಹಾಕಿಸಿದ್ದರು ಎಂದು ಸೆಬಿ ಹೇಳಿತು. ಅಂಥ ಅರ್ಜಿಗಳು 6,315. ಲೆಕ್ಕ ಹೇಗೆ ಹೂಡಿದ್ದರು ನೋಡಿ. ಷೇರಿನ ಬೆಲೆ 45 ರೂಪಾಯಿ. ಪ್ರತಿ ಅರ್ಜಿಯೂ 1,050 ಷೇರಿಗೆ, ಅಂದರೆ 47,250 ರೂಪಾಯಿಗೆ. ಆಗ 50,000 ರೂಪಾಯಿ ದಾಟಿದ ಅರ್ಜಿಗೆ ಮಾತ್ರ ಪ್ಯಾನ್ ಬೇಕಿತ್ತು. ಆ ಗೆರೆಯ ಕೆಳಗೇ ನಿಂತರೆ ನೀನು ಯಾರು ಎಂದು ಕೇಳುವ ಸಂಖ್ಯೆಯೇ ಇಲ್ಲ. ಸಣ್ಣ ಹೂಡಿಕೆದಾರರ ಪಾಲಿನಲ್ಲಿ ಒಂದೊಂದು ಅರ್ಜಿಗೆ 150 ಷೇರು ಸಿಕ್ಕಿತು. ಒಬ್ಬ ಮನುಷ್ಯ ಒಂದು ಅರ್ಜಿಯನ್ನಷ್ಟೇ ಹಾಕಬಹುದಿದ್ದ ಕಡೆ ಒಂದೇ ಕೈ ಸಾವಿರಾರು ಸಲ ಚಾಚಿತ್ತು. ಷೇರುಗಳು ಪೇಟೆಗೆ ಬರುವ ಮೊದಲೇ ಆ ಖಾತೆಗಳಿಂದ ಒಂದೇ ಖಾತೆಗೆ ಹರಿದು, ಅಲ್ಲಿಂದ ಹಣ ಹೂಡಿದವರ ಕೈ ಸೇರಿದವು.

ಆ ಖಾತೆಗಳು ತೆರೆದದ್ದಾದರೂ ಹೇಗೆ? ಬ್ಯಾಂಕಿನವರು ಇವರು ನಮ್ಮ ಗ್ರಾಹಕರು ಎಂದು ಪತ್ರ ಕೊಟ್ಟರೆ ಡಿಪಿ ಅದನ್ನು ನಂಬುತ್ತಿತ್ತು. ಡಿಪಿಯಲ್ಲಿ ಖಾತೆ ಇದೆ ಎಂದರೆ ಉಳಿದವರು ನಂಬುತ್ತಿದ್ದರು. ಅರ್ಜಿಯಲ್ಲಿ ಹೆಸರಿದ್ದ ಮನುಷ್ಯನ ಮುಖವನ್ನು ಯಾರೂ ನೋಡಿರಲಿಲ್ಲ. ಹಳೆಯ ಪರಿಚಯದ ಪದ್ಧತಿಯ ಚಿಪ್ಪು ಉಳಿದಿತ್ತು, ಒಳಗಿನ ಪರಿಚಯ ಹೋಗಿತ್ತು. ಕಾಕಾಗೆ ಆ ಮನೆ ಗೊತ್ತಿತ್ತು, ಕಂಪ್ಯೂಟರಿಗೆ ಗೊತ್ತಿರಲಿಲ್ಲ. ನಿಜವಾಗಿ ದುಡ್ಡು ಕಟ್ಟಿ ಷೇರು ಸಿಗದೆ ಹೋದ ಸಾವಿರಾರು ಜನರಲ್ಲಿ ನಮ್ಮ ಕಾಲೊನಿಯವರೂ ಇದ್ದರು.

ಆಮೇಲೆ ಎಲ್ಲವೂ ಬದಲಾಯಿತು. 2006ರ ಏಪ್ರಿಲ್ 1ರಿಂದ ಹೊಸ ಡಿಮ್ಯಾಟ್ ಖಾತೆಗೆ ಪ್ಯಾನ್ ಕಡ್ಡಾಯವಾಯಿತು, ಮೂಲ ಕಾರ್ಡನ್ನು ನೋಡಿ ತಾಳೆ ಮಾಡಬೇಕು ಎಂಬ ನಿಯಮ ಬಂತು. 2007ರಲ್ಲಿ ಮೊತ್ತ ಎಷ್ಟೇ ಇರಲಿ, ಷೇರುಪೇಟೆಯ ಎಲ್ಲ ವ್ಯವಹಾರಕ್ಕೂ ಪ್ಯಾನ್ ಒಂದೇ ಗುರುತು ಎಂದಾಯಿತು. ನಮ್ಮ ಕಚೇರಿಯ ಮುಂದೆ ಜನ ಕಾರ್ಡ್ ಹಿಡಿದು ಸಾಲು ನಿಂತರು. ಹಿರಿಯರು ಬೈಯುತ್ತಿದ್ದರು: "ಇಷ್ಟು ವರ್ಷದಿಂದ ನನ್ನನ್ನು ನೋಡ್ತಾ ಇದ್ದೀಯ, ಈಗ ನನ್ನ ಮುಖಕ್ಕೆ ಪುರಾವೆ ಬೇಕಾ?" ಅವರ ನೋವು ನಿಜವಾದದ್ದೇ. ಆದರೂ ಆ ಪುರಾವೆ ಕೇಳಿದ್ದು ಅವರ ಮೇಲಿನ ಅನುಮಾನದಿಂದಲ್ಲ, ಅವರ ಪಾಲನ್ನು ಇನ್ನೊಬ್ಬ ಕದಿಯದಿರಲಿ ಎಂದು. ಇದನ್ನು ಅವರಿಗೆ ಬಿಡಿಸಿ ಹೇಳುವಷ್ಟು ತಿಳಿವಳಿಕೆ ಆಗ ನಮ್ಮ ಕಚೇರಿಯಲ್ಲಿ ಯಾರಿಗೂ ಇರಲಿಲ್ಲ.

ಸೋದರ ಸೊಸೆಯ ಅರ್ಜಿ ಸೂರತ್ತಿನ ಅವಳ ಬಾಡಿಗೆ ಕೋಣೆಯಲ್ಲೇ ಕುಳಿತು, ಫೋನಿನಲ್ಲೇ ಆದದ್ದು. 2020ರ ಏಪ್ರಿಲ್‌ನಲ್ಲಿ, ಕೊರೊನಾ ಕಾಲದಲ್ಲಿ, ಸೆಬಿ ಇದಕ್ಕೆ ದಾರಿ ಮಾಡಿಕೊಟ್ಟಿತು. ಪ್ಯಾನ್ ಸಂಖ್ಯೆ ಮತ್ತು ಹುಟ್ಟಿದ ದಿನಾಂಕ ಕೊಟ್ಟಳು. ಡಿಜಿಲಾಕರ್ ಮೂಲಕ ಆಧಾರ್‌ನ ಹೆಸರು, ವಿಳಾಸ ತಾನಾಗಿ ಬಂದು ಕೂತವು. ಅವಳ ಬ್ಯಾಂಕ್ ಖಾತೆಗೆ ಒಂದು ರೂಪಾಯಿ ಕಳಿಸಿ, ಆ ಖಾತೆ ಯಾರ ಹೆಸರಿನಲ್ಲಿದೆ ಎಂದು ಬ್ಯಾಂಕಿನಿಂದಲೇ ತಿಳಿದುಕೊಂಡರು. ಬಿಳಿ ಹಾಳೆಯಲ್ಲಿ ಸಹಿ ಮಾಡಿ ಚಿತ್ರ ತೆಗೆದು ಹಾಕಿದಳು. ಕೊನೆಗೆ ಕ್ಯಾಮೆರಾದ ಮುಂದೆ ಕುಳಿತು, ಪರದೆಯ ಮೇಲೆ ಬಂದ ಅಂಕೆಗಳನ್ನು ತೋರಿಸಿದಳು. ಇದು ಹಳೆಯ ಫೋಟೊ ಅಲ್ಲ, ಜೀವಂತ ವ್ಯಕ್ತಿಯೇ ಎಂಬುದಕ್ಕೆ ಅದು ಸಾಕ್ಷಿ. 2005ರಲ್ಲಿ ಯಾರೂ ನೋಡದ ಮುಖವನ್ನು ನೋಡುವ ಹೆಜ್ಜೆ ಇದು. ಆಧಾರ್ ಒಟಿಪಿಯಿಂದ ಇ-ಸಹಿ ಬಿದ್ದ ಮೇಲೆ ದಾಖಲೆ ಕೆಆರ್‌ಎ ಎಂಬ ಸಂಸ್ಥೆಗೆ ಹೋಗುತ್ತದೆ. ಷೇರುಪೇಟೆಯ ಗ್ರಾಹಕರ ಗುರುತಿನ ದಾಖಲೆಗಳನ್ನು ಒಂದೆಡೆ ಇಟ್ಟು ಪರಿಶೀಲಿಸುವ ಈ ವ್ಯವಸ್ಥೆ 2011ರ ನಿಯಮಗಳಿಂದ ಬಂದದ್ದು. ಅಲ್ಲಿ ಒಮ್ಮೆ ಸರಿಯಾದರೆ ಮುಂದೆ ಬೇರೆ ಬ್ರೋಕರ್ ಬಳಿ ಹೋದಾಗ ಎಲ್ಲವನ್ನೂ ಮೊದಲಿಂದ ಮಾಡಬೇಕಿಲ್ಲ.

ಅವಳ ಅರ್ಜಿ ನಿಂತದ್ದು ಆ ಪರಿಶೀಲನೆಯಲ್ಲಿ. ಏನು ಮಾಡಬೇಕೆಂದು ಇಬ್ಬರೂ ಕೂತು ಯೋಚಿಸಿದೆವು. ಆಧಾರ್ ತಿದ್ದಬಹುದು, ಪ್ಯಾನನ್ನೂ ತಿದ್ದಬಹುದು. ಅವಳ ಅಂಕಪಟ್ಟಿ, ಪಾಸ್‌ಪೋರ್ಟ್, ಬ್ಯಾಂಕ್ ಖಾತೆ ಮೂರರಲ್ಲೂ ಆಧಾರ್‌ನ ಹೆಸರೇ ಇತ್ತು. ಹಾಗಿರುವಾಗ ಒಂಟಿಯಾಗಿ ನಿಂತಿದ್ದ ಪ್ಯಾನನ್ನು ತಿದ್ದುವುದೇ ಸರಿ. ತಿದ್ದುಪಡಿಯಲ್ಲಿ ಪ್ಯಾನ್ ಸಂಖ್ಯೆ ಬದಲಾಗುವುದಿಲ್ಲ, ಹೆಸರು ಮಾತ್ರ ಬದಲಾಗುತ್ತದೆ. "ಬೇರೆ ಬ್ರೋಕರ್ ಹತ್ರ ಹೇಗೋ ಆಗುತ್ತಂತೆ ಮಾಮ" ಎಂದು ಗೆಳತಿಯ ಮಾತು ಹೇಳಿದಳು. ಒಂದು ಕಡೆ ಹೇಗೋ ನುಸುಳಿದರೂ ಮುಂದೆ ಇನ್ನೊಂದು ಪರಿಶೀಲನೆಯಲ್ಲಿ ಅದೇ ಕಲ್ಲನ್ನು ಎಡವಬೇಕಾಗುತ್ತದೆ ಎಂದೆ. ಅವಳು ಕಾದಳು. ತಿದ್ದಿದ ಕಾರ್ಡ್ ಬಂದ ಮೇಲೆ ಅದೇ ಅರ್ಜಿ ತಕರಾರಿಲ್ಲದೆ ದಾಟಿತು.

ಮತ್ತೆ ಸಲ್ಲಿಸುವಾಗ ಅರ್ಜಿಯಲ್ಲಿ ಅವಳು ಗಮನಿಸದೆ ಒತ್ತಲಿದ್ದ ಎರಡು ಕಡೆ ನಾನು ತಡೆದೆ. ಮೊಬೈಲ್ ಸಂಖ್ಯೆಯ ಜಾಗದಲ್ಲಿ ತನ್ನ ಅಪ್ಪನದನ್ನು ಕೊಡುವವಳಿದ್ದಳು. ಖಾತೆಯ ಪ್ರತಿ ಒಟಿಪಿ, ಪ್ರತಿ ಎಚ್ಚರಿಕೆ ಬರುವುದು ಆ ಸಂಖ್ಯೆಗೆ. ಫೋನ್ ಯಾರ ಕೈಯಲ್ಲಿದೆಯೋ ಖಾತೆಯ ಬೀಗವೂ ಅವರ ಕೈಯಲ್ಲಿ. ದುಡಿಯುವ ಹುಡುಗಿ ತನ್ನದೇ ಸಂಖ್ಯೆ ಕೊಡಬೇಕು. ಎರಡನೆಯದು ಎಫ್ ಅಂಡ್ ಓ, ಅಂದರೆ ಮುಂಗಡ ವ್ಯಾಪಾರದ ವಿಭಾಗ. ಆದಾಯದ ದಾಖಲೆ ಹಾಕಿದರೆ ಅದೂ ತೆರೆಯುತ್ತದೆ ಎಂದು ಅರ್ಜಿ ಹೇಳುತ್ತದೆ. ಷೇರು ಕೊಂಡು ಇಟ್ಟುಕೊಳ್ಳಲು ಅದು ಬೇಕಿಲ್ಲ. ನಾಮಿನಿಯ ಜಾಗದಲ್ಲಿ ಮಾತ್ರ ಅವಳೇ ಅಮ್ಮನ ಹೆಸರು ಬರೆದಳು.

ಖಾತೆ ತೆರೆದ ದಿನ ಅವಳಿಗೆ ಹದಿನಾರು ಅಂಕಿಯ ಸಂಖ್ಯೆ ಬಂತು. ಮೊದಲ ಎಂಟು ಅಂಕಿ ಡಿಪಿಯದು, ಉಳಿದ ಎಂಟು ಅವಳದು. ಹದಿನಾರೂ ಅಂಕಿಗಳಾದರೆ ಅದು ಸಿಡಿಎಸ್‌ಎಲ್ ಖಾತೆ, IN ಎಂಬ ಎರಡು ಅಕ್ಷರಗಳಿಂದ ಶುರುವಾದರೆ ಎನ್‌ಎಸ್‌ಡಿಎಲ್. ಬ್ರೋಕರ್ ಆ್ಯಪ್‌ಗೆ ಹೋಗುವ ಗುಪ್ತಪದಕ್ಕಿಂತ ಮೊದಲು ಈ ಸಂಖ್ಯೆ ಬರೆದಿಟ್ಟುಕೋ ಎಂದೆ. ಅವಳಿಗೆ ಅದು ವಿಚಿತ್ರವೆನಿಸಿತು. ಅವಳ ಕಣ್ಣಿಗೆ ಖಾತೆ ಎಂದರೆ ಆ್ಯಪ್. ನಿಜದಲ್ಲಿ ಅಲ್ಲಿರುವುದು ಎರಡು ಖಾತೆ. ಕೊಳ್ಳುವ ಮಾರುವ ಆದೇಶ ಹೋಗುವುದು ಬ್ರೋಕರ್‌ನ ಟ್ರೇಡಿಂಗ್ ಖಾತೆಯಿಂದ. ಕೊಂಡ ಷೇರು ಇರುವುದು ಡಿಪಾಸಿಟರಿಯ ಡಿಮ್ಯಾಟ್ ಖಾತೆಯಲ್ಲಿ. ಹಣ ಅವಳ ಬ್ಯಾಂಕಿನಿಂದ ಬರುತ್ತದೆ, ಮಾರಿದ ಹಣ ಅಲ್ಲಿಗೇ ಹೋಗುತ್ತದೆ.

ಮೊದಲ ಸಲ ಒಂದು ಸೋಮವಾರ ಅವಳು ಹತ್ತು ಷೇರು ಕೊಂಡಳು. ಸಂಜೆ ಇಮೇಲ್‌ನಲ್ಲಿ ಕಾಂಟ್ರಾಕ್ಟ್ ನೋಟ್ ಬಂತು. ಯಾವ ಷೇರು, ಎಷ್ಟು ಬೆಲೆ, ಎಷ್ಟು ಗಂಟೆಗೆ, ವಿನಿಮಯ ಕೇಂದ್ರದ ಆದೇಶ ಸಂಖ್ಯೆ ಯಾವುದು ಎಂಬುದೆಲ್ಲ ಅದರಲ್ಲಿತ್ತು. 2023ರಿಂದ ಒಂದೇ ಕೆಲಸದ ದಿನದಲ್ಲಿ ಲೆಕ್ಕ ಚುಕ್ತಾ ಆಗುವ ಪದ್ಧತಿ ಬಂದಿರುವುದರಿಂದ ಮಂಗಳವಾರ ಷೇರು ಅವಳ ಡಿಮ್ಯಾಟ್ ಖಾತೆಗೆ ಬಂದವು. ಅಪ್ಪ ತಿಂಗಳುಗಟ್ಟಲೆ ಅಂಚೆಯವನ ದಾರಿ ಕಾದದ್ದನ್ನು ಅವಳಿಗೆ ಹೇಳಿದೆ. ನಂತರ ಅವಳನ್ನು ಸಿಡಿಎಸ್‌ಎಲ್‌ನ ತಾಣದಲ್ಲೇ ನೋಂದಾಯಿಸಿ ಒಳಹೋಗಲು ಹೇಳಿದೆ. ಅಲ್ಲಿ ಒಂದು ಸಾಲಿತ್ತು: ಕಂಪನಿಯ ಹೆಸರು, INE ಎಂದು ಶುರುವಾಗುವ ಹನ್ನೆರಡು ಅಕ್ಷರ-ಅಂಕಿಗಳ ಐಎಸ್‌ಐಎನ್, ಎದುರಿಗೆ ಹತ್ತು. "ಇದು ನಿನ್ನ ಷೇರು. ಆ್ಯಪ್‌ನಲ್ಲಿ ಕಾಣೋದು ಇದರ ನೆರಳು" ಎಂದೆ.

ಕಾನೂನಿನ ಪ್ರಕಾರ ಕಂಪನಿಯ ಪುಸ್ತಕದಲ್ಲಿ ಈಗ ನೋಂದಾಯಿತ ಮಾಲೀಕನ ಜಾಗದಲ್ಲಿರುವುದು ಡಿಪಾಸಿಟರಿ. ಡಿಪಾಸಿಟರಿಯ ಪುಸ್ತಕದಲ್ಲಿ ಅವಳು ಹಿತಾನುಭವಿ ಮಾಲೀಕಳು. ಲಾಭಾಂಶ, ಬೋನಸ್, ಮತದ ಹಕ್ಕು ಎಲ್ಲವೂ ಅವಳವೇ. ಬ್ರೋಕರ್ ನಾಳೆ ಬಾಗಿಲು ಮುಚ್ಚಿದರೂ ಆ ಸಾಲು ಅಳಿಯುವುದಿಲ್ಲ. ಅವಳು ಬೇರೆ ಡಿಪಿಯಲ್ಲಿ ಖಾತೆ ತೆರೆದು ಷೇರುಗಳನ್ನು ಅಲ್ಲಿಗೆ ಒಯ್ಯಬಹುದು.

ಇದಕ್ಕೂ ಒಂದು ಮಿತಿ ಇದೆ. ಷೇರು ಆ ಸಾಲಿನಿಂದ ಹೊರಹೋಗಲು ಯಾರಿಗೆ ಅಧಿಕಾರ ಕೊಟ್ಟಿದ್ದೀರಿ ಎಂಬುದು ಮುಖ್ಯ. ಮೊದಲು ಖಾತೆ ತೆರೆಯುವಾಗಲೇ ಬ್ರೋಕರ್‌ಗೆ ಮುಖ್ತ್ಯಾರ್ ಪತ್ರ ಬರೆದುಕೊಡುವುದು ವಾಡಿಕೆ. ನನ್ನ ಹಳೆಯ ಮೇಜಿನ ಮೇಲೆ ಎಷ್ಟೋ ಜನ ಓದದೆ ಅದಕ್ಕೆ ಸಹಿ ಹಾಕಿದ್ದಾರೆ. 2019ರ ನವೆಂಬರಿನಲ್ಲಿ ಹೈದರಾಬಾದಿನ ಕಾರ್ವಿ ಸಂಸ್ಥೆ ಅಂಥ ಪತ್ರಗಳನ್ನು ಬಳಸಿ ಗ್ರಾಹಕರ ಷೇರುಗಳನ್ನು ತನ್ನ ಸಾಲಕ್ಕೆ ಅಡವಿಟ್ಟಿದೆ ಎಂದು ಸೆಬಿ ಆದೇಶ ಹೊರಡಿಸಿತು. ಮುಂದಿನ ತಿಂಗಳೇ 80,000ಕ್ಕೂ ಹೆಚ್ಚು ಗ್ರಾಹಕರ ಖಾತೆಗೆ ಷೇರು ಮರಳಿಸಬೇಕಾಯಿತು. ಈಗ ಹೊಸಬರಿಂದ ಪಡೆಯುವುದು ಡಿಡಿಪಿಐ ಎಂಬ ಪತ್ರ. ಮಾರಿದ ಷೇರನ್ನು ತಲುಪಿಸುವುದು, ನೀವೇ ಕೇಳಿದ ಅಡಮಾನ ಮುಂತಾದ ಕೆಲವೇ ಕೆಲಸಕ್ಕೆ ಅದರ ವ್ಯಾಪ್ತಿ. ಅದೂ ಕಡ್ಡಾಯವಲ್ಲ. ಸೋದರ ಸೊಸೆ ಕೊಡಲಿಲ್ಲ. ಮಾರುವಾಗ ಸಿಡಿಎಸ್‌ಎಲ್ ಕೊಟ್ಟ ಟಿಪಿನ್ ಮತ್ತು ಫೋನಿಗೆ ಬಂದ ಒಟಿಪಿ ಹಾಕಿ ತಾನೇ ಒಪ್ಪಿಗೆ ಕೊಡುತ್ತಾಳೆ. ಅಪರೂಪಕ್ಕೆ ಮಾರುವವರಿಗೆ ಆ ಅರ್ಧ ನಿಮಿಷ ದುಬಾರಿಯಲ್ಲ.

ಈಗಿನ ಮೋಸ ಬೇರೆ ರೂಪದ್ದು. ವಡೋದರದ ನಮ್ಮ ಹಳೆಯ ಕಾಲೊನಿಯ ನಿವೃತ್ತರೊಬ್ಬರು ಈಚೆಗೆ ಫೋನ್ ತೋರಿಸಿದರು. ಪರಿಚಿತರ ಮಾತಿಗೆ ಯಾವುದೋ ಗುಂಪಿಗೆ ಸೇರಿ, ಅಲ್ಲಿ ಹೇಳಿದ ಆ್ಯಪ್ ಹಾಕಿಕೊಂಡಿದ್ದರು. ಅದರಲ್ಲಿ ಹೊಸ ಬಿಡುಗಡೆಯ ಷೇರು ಕೈತುಂಬ ಸಿಕ್ಕಿದೆ, ಲಾಭ ಏರುತ್ತಿದೆ ಎಂದು ಕಾಣುತ್ತಿತ್ತು. ಆ ಆ್ಯಪ್‌ನ ಖಾತೆಗೆ ಹದಿನಾರು ಅಂಕಿಯ ಸಂಖ್ಯೆ ಯಾವುದು ಎಂದು ಕೇಳಿದೆ. ಇರಲಿಲ್ಲ. ಕಾಂಟ್ರಾಕ್ಟ್ ನೋಟ್ ಬಂದಿರಲಿಲ್ಲ. ಹಣ ಕಟ್ಟಿದ್ದು ಯಾರೋ ವ್ಯಕ್ತಿಯ ಹೆಸರಿನ ಬ್ಯಾಂಕ್ ಖಾತೆಗೆ. ಡಿಪಾಸಿಟರಿ ಪ್ಯಾನ್ ಆಧಾರದ ಮೇಲೆ ಕಳಿಸುವ ಒಟ್ಟು ಹಿಡುವಳಿಯ ಪಟ್ಟಿಯಲ್ಲಿ ಅವರ ಹಳೆಯ ಷೇರುಗಳು ಮಾತ್ರ ಇದ್ದವು, ಹೊಸದೊಂದೂ ಇರಲಿಲ್ಲ. ಆ ಪಟ್ಟಿಯಲ್ಲಿ ಇಲ್ಲದ ಷೇರು ಎಲ್ಲೂ ಇಲ್ಲ. ಅವರ ಕಣ್ಣಲ್ಲಿ ನೀರು ಬಂತು. ತಕ್ಷಣ 1930ಕ್ಕೆ ಕರೆ ಮಾಡಿಸಿದೆ. ಅವರು ಅಪ್ಪನಿಗೆ ಮೊದಲ ಅರ್ಜಿ ತಂದುಕೊಟ್ಟ ಹಿರಿಯರ ಮಗ. ಮೂರು ತಲೆಮಾರಿನಿಂದ ಷೇರು ಬಲ್ಲ ಮನೆ. ಪರಿಚಿತರು ಹೇಳಿದರು ಎಂಬ ಒಂದೇ ಮಾತಿಗೆ ಆ ಮನೆಯವರು ಸೋತಿದ್ದರು.

ವಡೋದರದ ವಿನಿಮಯ ಕೇಂದ್ರ 2015ರಲ್ಲಿ ಮುಚ್ಚಿತು, ಅಹಮದಾಬಾದಿನದು 2018ರಲ್ಲಿ. ದೇಶದ ವ್ಯಾಪಾರವೆಲ್ಲ ಮುಂಬೈಯ ಎರಡು ಕೇಂದ್ರಗಳ ಪರದೆಗೆ ಸೇರಿದ ಮೇಲೆ ಅವುಗಳಿಗೆ ಕೆಲಸ ಉಳಿಯಲಿಲ್ಲ. ಅವುಗಳ ಜೊತೆ ಕಾಕಾನಂಥವರ ಕಣ್ಣೂ ಹೋಯಿತು. ಮನೆ ಸಂಖ್ಯೆ ನೋಡಿ ಅಲ್ಲಿ ಎಷ್ಟು ಜನ ಇದ್ದಾರೆಂದು ಹೇಳಬಲ್ಲ ತಿಳಿವಳಿಕೆ ಯಾವ ಪರಿಶೀಲನೆಯಲ್ಲೂ ಇಲ್ಲ. ಅದರ ನಷ್ಟವನ್ನು ನಾನು ಕಡಿಮೆ ಮಾಡಿ ಹೇಳಲಾರೆ. ಆದರೆ ಕಾಕಾ ಆ ಕಟ್ಟನ್ನು ತಡೆದದ್ದು ಒಂದು ರಾತ್ರಿಯ ಮಟ್ಟಿಗೆ. ಮಾಲೀಕರ ಒಂದು ಮಾತು ಅವರ ತಿಳಿವಳಿಕೆಯನ್ನು ದಾಟಿಹೋಯಿತು. ಪ್ಯಾನ್ ಎಂಬ ಸಂಖ್ಯೆಯನ್ನು ಹಾಗೆ ಬೈದು ಸುಮ್ಮನಾಗಿಸಲು ಆಗುವುದಿಲ್ಲ. ಮತ್ತೆ, ಪರಿಚಯದವರಿಲ್ಲದೆ ಹೊರಗುಳಿದ ಆ ನರ್ಸ್ ಇವತ್ತಾಗಿದ್ದರೆ ಯಾರ ಸಹಿಯೂ ಇಲ್ಲದೆ ಖಾತೆ ತೆರೆಯುತ್ತಿದ್ದರು. ಈ ಎರಡನ್ನೂ ತೂಗಿದರೆ ಇಂದಿನ ಪದ್ಧತಿಯೇ ಹೆಚ್ಚು ನ್ಯಾಯವಾದದ್ದು ಎಂಬ ಕಡೆಗೆ ನನ್ನ ಮನಸ್ಸು ವಾಲುತ್ತದೆ.

ಒಂದು ಹೊರೆ ಮಾತ್ರ ನಮ್ಮ ಹೆಗಲಿಗೆ ಬಂದಿದೆ. ಅಪ್ಪನ ಷೇರನ್ನು ದಲ್ಲಾಳಿ, ಕಂಪನಿ, ಪಕ್ಕದ ಮನೆಯವರು ಎಲ್ಲರೂ ಸೇರಿ ನೆನಪಿಟ್ಟುಕೊಳ್ಳುತ್ತಿದ್ದರು. ಈಗ ಆ ಸಾಲನ್ನು ನೋಡುವವರು ಅದರ ಒಡೆಯರೇ. ಅಕ್ಕನ ಮಗಳಿಗೆ ನಾನು ಕೊಟ್ಟ ಬುದ್ಧಿಮಾತು ಯಾವ ಷೇರು ಕೊಳ್ಳಬೇಕು ಎಂಬುದರ ಬಗ್ಗೆ ಆಗಿರಲಿಲ್ಲ. ತಿಂಗಳಿಗೊಮ್ಮೆ ಆ್ಯಪ್ ಮುಚ್ಚಿ ಡಿಪಾಸಿಟರಿಯ ಪಟ್ಟಿ ತೆರೆ, ಎಣಿಕೆ ಸರಿಯಿದೆಯೇ ನೋಡು, ಮೊಬೈಲ್ ಸಂಖ್ಯೆ ಬದಲಾದ ದಿನವೇ ಅಲ್ಲೂ ಬದಲಿಸು, ನೀನು ಮಾಡದ ವ್ಯವಹಾರದ ಸಂದೇಶ ಬಂದರೆ ಅವತ್ತೇ ಕೇಳು ಎಂದು ಹೇಳಿದೆ. ಮೊದಲ ಪಟ್ಟಿ ಬಂದಾಗ ಅವಳು ಅದನ್ನು ನನಗೆ ಕಳಿಸಲು ಹೊರಟಳು. ಬೇಡ, ನೀನೇ ನೋಡು ಎಂದೆ.